ಮೀಟರ್ 1.6 ತೋರಿಸಿದರೂ ಗಿಡಕ್ಕೆ ಹಸಿವು

ಪ್ರಶ್ನೆ: ವಿಜಯಪುರದಲ್ಲಿ ಮಾಳಿಗೆ ಮೇಲೆ ಮಣ್ಣಿಲ್ದೆ, ಗೊಬ್ಬರದ ನೀರು ಹರಿಯೋ ಎನ್ಎಫ್‌ಟಿ ಪೈಪಿನಲ್ಲಿ ಲೆಟ್ಯೂಸ್ ಹಾಕಿದ್ದೀನಿ. ಬೋರ್ ನೀರು, ಇಸಿ 1.6 ಇಟ್ಟಿದ್ದೀನಿ. ಆದ್ರೂ ಎಲೆ ಹಳದಿ, ಪಿಎಚ್ ದಿನಾ ಏರ್ತದೆ. ಬೇರು ನೀರಲ್ಲೇ ಮುಳುಗಿರೋ ಡಿಡಬ್ಲ್ಯೂಸಿಗೆ ಬದಲಾಯಿಸ್ಲಾ?

ಬದಲಾಯಿಸುವ ಮುಂಚೆ ಗೊಬ್ಬರ ಹಾಕದ ಬೋರ್ ನೀರಿನಲ್ಲೇ ಮೀಟರ್ ಅದ್ದಿ ನೋಡಿ. ನಮ್ಮ ಮನೆಯಲ್ಲಿ 1.4 ಬಂದಿತ್ತು! ಇಸಿ ಮೀಟರ್ ನೀರಲ್ಲಿ ಕರಗಿದ ಉಪ್ಪೆಲ್ಲವನ್ನೂ ಸೇರಿಸಿ ಅಳೆಯುತ್ತದೆ. ಅದು ಗೊಬ್ಬರವೋ, ಸವಳು ನೀರಿನ ಉಪ್ಪೋ ಅಂತ ಅದಕ್ಕೆ ಗೊತ್ತಾಗಲ್ಲ. ನಾನು 1.6 ಬಂತು ಅಂತ ಖುಷಿಪಟ್ಟಾಗ ಗೊಬ್ಬರದ ಪಾಲು ಬರೀ 0.2 ಇತ್ತು.

ನಾನು ಮಾಡಿದ್ದು ಇಷ್ಟೇ. 100 ಲೀಟರ್ ಟ್ಯಾಂಕಿಗೆ 70 ಲೀಟರ್ ಮಳೆ ನೀರು, 30 ಲೀಟರ್ ಬೋರ್ ನೀರು. ಮಳೆ ನೀರಿನ ಇಸಿ ಹೆಚ್ಚುಕಡಿಮೆ ಸೊನ್ನೆ, ಹಾಗಾಗಿ ಬೆರೆಸಿದ ಮೇಲೆ 0.4ರ ಹತ್ತಿರ ನಿಂತಿತು. ಅದರ ಮೇಲೆ ಗೊಬ್ಬರ ಹಾಕಿ 1.5ಕ್ಕೆ ತಂದೆ. ಮಳೆ ನೀರು ಇಲ್ಲದಿದ್ದರೆ ಆರ್‌ಒ ನೀರೂ ನಡೆಯುತ್ತದೆ. ಗೊಬ್ಬರದ ಎ ಮತ್ತು ಬಿ ದ್ರಾವಣಗಳನ್ನು ಮಾತ್ರ ನೇರವಾಗಿ ಒಂದಕ್ಕೊಂದು ಸುರಿಯಬೇಡಿ. ಎಯಲ್ಲಿನ ಕ್ಯಾಲ್ಸಿಯಂ ಬಿಯ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ಕೂರುತ್ತದೆ. ಒಂದನ್ನು ಟ್ಯಾಂಕಿಗೆ ಹಾಕಿ, ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದು.

ಪಿಎಚ್ ಏರುವುದಕ್ಕೂ ಬಹುತೇಕ ಅದೇ ನೀರು ಕಾರಣ. ಗಡಸು ನೀರಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದ ಹಾಗೆ, ನೀವು ಹಾಕಿದ ಆಮ್ಲವನ್ನು ಅದು ತಿಂದುಬಿಡುತ್ತದೆ. ಸಂಜೆ 5.8ಕ್ಕೆ ಇಳಿಸಿದ್ದು ಬೆಳಗ್ಗೆ 7 ದಾಟಿರುತ್ತಿತ್ತು. ನೀರು ಬೆರೆಸಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸರಿಮಾಡಿದರೆ ಸಾಕಾಯಿತು. ಗೊಬ್ಬರವೇ ಪಿಎಚ್ ಸ್ವಲ್ಪ ಇಳಿಸುವುದರಿಂದ, ಅದು ಬೆರೆತ ಮೇಲೆಯೇ ಅಳೆಯಿರಿ. 5.5ರಿಂದ 6.5ರ ನಡುವೆ ಇದ್ದರೆ ಸಾಕು. ಫಾಸ್ಫಾರಿಕ್ ಆಮ್ಲವನ್ನು ನೀರಿಗೆ ಹನಿ ಹನಿಯಾಗಿ ಹಾಕಿ, ಆಮ್ಲಕ್ಕೆ ನೀರು ಸುರಿಯಬೇಡಿ. ಕೈಗವಸು ಇರಲಿ.

ಹಳದಿ ಎಲ್ಲಿದೆ ಅಂತಲೂ ನೋಡಿ. ಹೊಸ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿ ಇದ್ದರೆ ಕಬ್ಬಿಣದ ಕೊರತೆ, ಅದು ಪಿಎಚ್ ಏರಿದ್ದರ ಗುರುತು. ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಕಡಿಮೆ. ನನ್ನ ಗಿಡಗಳಲ್ಲಿ ಎರಡೂ ಇದ್ದವು.

ಇನ್ನು ಬೇಸಿಗೆಯಲ್ಲಿ ಇಸಿ ತಾನಾಗಿಯೇ ಏರಿದರೆ ಹೆದರಬೇಡಿ. ಗಿಡ ಗೊಬ್ಬರಕ್ಕಿಂತ ಜಾಸ್ತಿ ನೀರು ಕುಡಿದಿದೆ ಅಷ್ಟೇ, ಮಳೆ ನೀರು ತುಂಬಿಸಿ. ಇಳಿದರೆ ಗೊಬ್ಬರ ಹಾಕಿ.

ಡಿಡಬ್ಲ್ಯೂಸಿಗೆ ಹೋದರೂ ಈ ನೀರಿನ ಗೋಳು ಹಾಗೇ ಇರುತ್ತದೆ. ನಿಮ್ಮಲ್ಲಿ ಕರೆಂಟ್ ಪದೇ ಪದೇ ಹೋಗುತ್ತದಾ? ಹಾಗಿದ್ದರೆ ಬದಲಾಯಿಸಿ. ಎನ್ಎಫ್‌ಟಿಯಲ್ಲಿ ಬೇರಿನ ಕೆಳಗೆ ತೆಳ್ಳನೆ ನೀರಷ್ಟೇ ಹರಿಯುವುದು, ಬಿಸಿಲಲ್ಲಿ ಪಂಪ್ ನಿಂತರೆ ಬೇಗ ಬಾಡುತ್ತದೆ. ಡಿಡಬ್ಲ್ಯೂಸಿಯಲ್ಲಿ ಬೇರು ನೀರಲ್ಲೇ ಇರುವುದರಿಂದ ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ಏರ್ ಪಂಪ್ ಬೇಕೇ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಬೇರು ಕಂದಾಗಿ ಲೋಳೆ ಹಿಡಿದು ನಾರುತ್ತದೆ. ನಾನು ಏಪ್ರಿಲ್‌ನಲ್ಲಿ ಟಬ್ಬಿಗೆ ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿ ಇಡುತ್ತೇನೆ. ಮೇ ತಿಂಗಳಲ್ಲಿ ಲೆಟ್ಯೂಸ್ ಹಾಕುವುದೇ ಇಲ್ಲ.