ಒಂದೇ ಮ್ಯಾಚು ಕೈಕೊಟ್ಟಿತು: ಕೋಲಾರದ ಒಂದು ಆಪ್ತಸಲಹೆ ಪ್ರಕರಣ

ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ 26 ವರ್ಷದ ಯುವಕ. ಗುರುತು ಸಿಗದಂತೆ ವಿವರ ಬದಲಿಸಿದ್ದೇವೆ. ಸಂಜೆಗೊಂದು ಕಾಂಬೊ ಬೆಟ್, ಐದು ಮ್ಯಾಚಿಗೆ ಸೇರಿ 200 ರೂಪಾಯಿ. ಐದೂ ಗೆದ್ದರೆ ಮಾತ್ರ ಹಣ. 60 ಚೀಟಿಗಳಲ್ಲಿ ಎರಡು ಗೆದ್ದಿದ್ದರು. "ಒಂಬತ್ತು ಸಲ ಒಂದೇ ಮ್ಯಾಚಿನಲ್ಲಿ ತಪ್ಪಿತು ಸಾರ್. ಹತ್ತಿರ ಬಂದುಬಿಟ್ಟಿದ್ದೀನಿ," ಎಂದರು.

ಮೊದಲು ಬುಕ್ಕಿಯ ಪಾಲನ್ನು ಬಿಡಿಸಿ ತೋರಿಸಿದೆವು. ಎರಡೂ ಕಡೆ ಸಮಬಲವಿದ್ದರೆ ನ್ಯಾಯವಾದ ದರ 2.00, ಅಂದರೆ ನೂರು ಹಾಕಿ ಗೆದ್ದರೆ ಇನ್ನೂರು ಕೈಗೆ. ಬುಕ್ಕಿ ಕೊಡುವುದು 1.90. ಅಂದರೆ ನೂರು ರೂಪಾಯಿಗೆ ಸರಾಸರಿ 95 ವಾಪಸು. ಕಾಂಬೊದಲ್ಲಿ ಮೊದಲ ಮ್ಯಾಚಿನ ಗೆಲುವು ಪೂರ್ತಿ ಎರಡನೆಯದಕ್ಕೆ ಹೋಗುತ್ತದೆ, ಅದರ ಮೇಲೆ ಮತ್ತೆ ಐದು ಕಡಿತ. ಒಂದೇ ಕ್ರೇಟು ಐದು ಮಂಡಿ ದಾಟಿ, ಪ್ರತಿ ಮಂಡಿಯಲ್ಲೂ ನೂರಕ್ಕೆ ಐದು ಕಮಿಷನ್ ಕೊಟ್ಟ ಹಾಗೆ. ಐದನೆಯದು ದಾಟುವಾಗ ಉಳಿಯುವುದು ಸುಮಾರು 77. ಚೀಟಿ ಗೆದ್ದರೆ 24.76 ಪಟ್ಟು ಸಿಗುತ್ತದೆ. ನ್ಯಾಯವಾಗಿ ಸಿಗಬೇಕಿದ್ದದ್ದು 32 ಪಟ್ಟು. ಇವರು ಹಾಕಿದ್ದು 12,000, ಎರಡು ಗೆಲುವಿನಿಂದ ಬಂದದ್ದು 9,904.

"ಹತ್ತಿರ ಬಂದೆ" ಎನ್ನುವುದೇ ಇವರನ್ನು ಹಿಡಿದಿಟ್ಟ ಮಾತು, ಆದ್ದರಿಂದ ಅದಕ್ಕೆ ಹೆಚ್ಚು ಸಮಯ ಕೊಟ್ಟೆವು. ಐದು ನಾಣ್ಯ ಚಿಮ್ಮಿದರೆ ಸರಿಯಾಗಿ ನಾಲ್ಕು ಹೆಡ್ ಬೀಳುವ ಸಾಧ್ಯತೆ 32ರಲ್ಲಿ 5. ಈ ಲೆಕ್ಕದಲ್ಲಿ 60 ಚೀಟಿಗೆ ಸರಾಸರಿ ಒಂಬತ್ತು ಸಲ ಒಂದೇ ಮ್ಯಾಚಿನಲ್ಲಿ ತಪ್ಪುತ್ತದೆ. ಅದರಲ್ಲಿ ಜಾಣ್ಮೆಯ ಗುರುತಿಲ್ಲ.

ಹಾಗಾದರೆ ಕಾಂಬೊ ಎಂದೂ ಸರಿಯಲ್ಲವೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ರತಿ ಮ್ಯಾಚಿನಲ್ಲೂ ನಿಮ್ಮ ಅಂದಾಜು ಬುಕ್ಕಿಯದಕ್ಕಿಂತ ನಿಜವಾಗಿ ಉತ್ತಮವಾಗಿದ್ದರೆ ಅದೇ ಗುಣಾಕಾರ ನಿಮ್ಮ ಪರವಾಗುತ್ತದೆ. 1.90 ದರಕ್ಕೆ ಶೇ 52.6ಕ್ಕಿಂತ ಹೆಚ್ಚು ಗೆಲ್ಲಬೇಕು. ಶೇ 55 ಗೆಲ್ಲುವವರಿಗೆ ಐದರ ಚೀಟಿಯಲ್ಲಿ ನೂರಕ್ಕೆ ಸರಾಸರಿ ಸುಮಾರು 125 ಬರುತ್ತದೆ, ಆದರೂ 20 ಚೀಟಿಗೆ ಒಂದೇ ಗೆಲುವು. ಕುದುರೆ ರೇಸಿನ ಜಾಕ್‌ಪಾಟ್ ಬೇರೆ ಬಗೆಯದು: ಎಲ್ಲರ ಹಣ ಒಂದು ಪೂಲ್‌ಗೆ ಬಿದ್ದು ಕಡಿತ ಒಂದೇ ಸಲ ಆಗುತ್ತದೆ, ರೇಸಿಗೊಂದರಂತೆ ಅಲ್ಲ.

ಆಮೇಲೆ ಇವರ ಮೊಬೈಲಿನಲ್ಲಿದ್ದ ಚೀಟಿಗಳನ್ನೇ ಮ್ಯಾಚುವಾರು ಎಣಿಸಿದೆವು. 300ರಲ್ಲಿ 147 ಸರಿ, ಶೇ 49. ಇವರಿಗೆ ಕಾಂಬೊ ಸಲ್ಲುವ ಪರಿಸ್ಥಿತಿ ಇಲ್ಲ.

ಕೊಟ್ಟ ಸಲಹೆ: ಆಡುವುದನ್ನು ನಿಲ್ಲಿಸಿ, ಆ್ಯಪ್ ತೆಗೆಯಿರಿ. 2025ರ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆನ್‌ಲೈನ್ ಆಟ ನಡೆಸುವುದನ್ನೇ ನಿಷೇಧಿಸಿದೆ. ಯುಪಿಐ ಇರುವ ಖಾತೆಯಲ್ಲಿ ವಾರದ ಖರ್ಚಿನಷ್ಟೇ ಉಳಿಸಿ, ಸಂಬಳ ಅಕ್ಕನ ಜೊತೆಗಿನ ಜಂಟಿ ಖಾತೆಗೆ ಹೋಗಲಿ. ಸಂಜೆ ಏಳರಿಂದ ಒಂಬತ್ತು ತುಡಿತ ಜಾಸ್ತಿ ಎಂದಿದ್ದರಿಂದ ಆ ಹೊತ್ತಿಗೆ ಫೋನ್ ಅಕ್ಕನ ಕೈಯಲ್ಲಿರಲಿ. ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಎರಡು ವಾರ ಬಿಟ್ಟು ಖಾತೆಯ ಸ್ಟೇಟ್‌ಮೆಂಟ್ ಹಿಡಿದು ಬರಲು ಹೇಳಿದ್ದೇವೆ.