ಬ್ರೋಕರ್‌ಗೆ ಗೊತ್ತಿಲ್ಲದ್ದನ್ನು ಜರ್ನಲ್‌ನಲ್ಲಿ ಬರೆಯಿರಿ

ಪ್ರಶ್ನೆ: ಒಂದು ವರ್ಷದಿಂದ ಶೇರ್‌ಗಳಲ್ಲಿ ಸ್ವಿಂಗ್ ಟ್ರೇಡಿಂಗ್ ಮಾಡ್ತಿದ್ದೀನಿ. ಹತ್ತರಲ್ಲಿ ಆರು ಟ್ರೇಡ್ ಲಾಭದಲ್ಲೇ ಮುಗಿಯುತ್ತೆ, ಆದರೂ ತಿಂಗಳ ಕೊನೆಗೆ ಅಕೌಂಟ್‌ನಲ್ಲಿ ದುಡ್ಡು ಕಮ್ಮಿ ಆಗಿರುತ್ತೆ. ಎಕ್ಸೆಲ್‌ನಲ್ಲಿ ಶೇರ್ ಹೆಸರು, ಕೊಂಡ ಬೆಲೆ, ಮಾರಿದ ಬೆಲೆ, ಲಾಭ-ನಷ್ಟ ಬರೀತೀನಿ. ಇನ್ನೇನು ಬರೀಬೇಕು? ತಿಂಗಳಿಗೊಮ್ಮೆ ಅದನ್ನ ಹೇಗೆ ನೋಡಬೇಕು?
— ಓದುಗರು, ದಾವಣಗೆರೆ

ಉತ್ತರ: ನೀವು ಈಗ ಬರೆಯುತ್ತಿರುವ ನಾಲ್ಕೂ ವಿವರ ನಿಮ್ಮ ಬ್ರೋಕರ್ ಹತ್ತಿರ ಇದ್ದೇ ಇರುತ್ತವೆ. ಬೇಕೆಂದಾಗ ಡೌನ್‌ಲೋಡ್ ಮಾಡಿಕೊಳ್ಳಬಹುದು. ಬ್ರೋಕರ್‌ಗೆ ಗೊತ್ತಿಲ್ಲದ್ದು ಒಂದೇ, ಕೊಳ್ಳುವಾಗ ನಿಮ್ಮ ಪ್ಲಾನ್ ಏನಿತ್ತು ಅನ್ನೋದು. ಜರ್ನಲ್ ಇರಬೇಕಾದ್ದು ಅದಕ್ಕೇ.

ಹಾಗಾಗಿ ಬರೆಯುವುದನ್ನು ಎರಡು ಸಲಕ್ಕೆ ಹಂಚಿಕೊಳ್ಳಿ. ಮೊದಲ ಸಲ, ಆರ್ಡರ್ ಹಾಕುವ ಮುಂಚೆ. ಮುಂಚೆ ಅಂದರೆ ಮುಂಚೆಯೇ, ಸಂಜೆ ಕೂತು ನೆನಪಿನಿಂದ ಬರೆದರೆ ಪ್ರಯೋಜನವಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಬೆಲೆ ಎತ್ತ ಹೋಯಿತು ಅಂತ ನಿಮಗೆ ಗೊತ್ತಾಗಿರುತ್ತದೆ, ಪ್ಲಾನ್ ಕೂಡ ಅದಕ್ಕೆ ತಕ್ಕ ಹಾಗೆ ಬದಲಾಗಿಬಿಟ್ಟಿರುತ್ತದೆ. ಇಲ್ಲಿ ಬೇಕಾದ್ದು ಇಷ್ಟು: ತಾರೀಖು, ಶೇರ್, ಸೆಟಪ್‌ನ ಹೆಸರು, ಕೊಳ್ಳುವ ಬೆಲೆ, ಸ್ಟಾಪ್‌ಲಾಸ್, ಟಾರ್ಗೆಟ್, ಎಷ್ಟು ಶೇರ್, ಮತ್ತು ಯಾಕೆ ಕೊಳ್ಳುತ್ತಿದ್ದೀನಿ ಅನ್ನೋ ಒಂದೇ ಒಂದು ಸಾಲು. ಸೆಟಪ್‌ಗೆ ಮೂರೋ ನಾಲ್ಕೋ ಹೆಸರು ಗಟ್ಟಿ ಮಾಡಿಕೊಂಡು ಅವನ್ನೇ ಬಳಸಿ. ಒಂದು ದಿನ "ಬ್ರೇಕ್‌ಔಟ್", ಇನ್ನೊಂದು ದಿನ "ರೆಸಿಸ್ಟೆನ್ಸ್ ಒಡೆದಿದೆ" ಅಂತ ಬರೆದರೆ ಆಮೇಲೆ ಫಿಲ್ಟರ್ ಹಾಕಿದಾಗ ಅರ್ಧ ಟ್ರೇಡ್‌ಗಳು ಸಿಗುವುದೇ ಇಲ್ಲ.

ಇವುಗಳಲ್ಲಿ ಅತಿ ಮುಖ್ಯವಾದದ್ದು ಸ್ಟಾಪ್‌ಲಾಸ್ ಕಾಲಂ. ಇದರಲ್ಲಿ ಮೊದಲು ಬರೆದ ಅಂಕಿಯನ್ನು ಯಾವತ್ತೂ ತಿದ್ದಬೇಡಿ. ಬೆಲೆ ಏರಿದ ಮೇಲೆ ಸ್ಟಾಪ್ ಮೇಲಕ್ಕೆ ತಂದರೆ ಅದಕ್ಕೆ ಬೇರೆ ಕಾಲಂ ಮಾಡಿ.

ಎರಡನೇ ಸಲ ಬರೆಯುವುದು ಟ್ರೇಡ್ ಮುಗಿದ ದಿನ. ಮಾರಿದ ಬೆಲೆ, ಕಾಂಟ್ರ್ಯಾಕ್ಟ್ ನೋಟ್ ನೋಡಿ ಒಟ್ಟು ಚಾರ್ಜ್, ಮತ್ತು ಹೊರಬಂದ ಕಾರಣ. ಕಾರಣಕ್ಕೂ ಗಟ್ಟಿ ಪಟ್ಟಿ ಇರಲಿ: ಟಾರ್ಗೆಟ್, ಸ್ಟಾಪ್, ಟ್ರೇಲಿಂಗ್ ಸ್ಟಾಪ್, ಗ್ಯಾಪ್, ಸ್ಟಾಪ್ ಇಳಿಸಿದೆ, ಭಯ. "ಗ್ಯಾಪ್" ಬೇರೆ ಇರಲೇಬೇಕು. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಗ್ಗೆ ಶೇರ್ ನಿಮ್ಮ ಸ್ಟಾಪ್‌ಗಿಂತ ಕೆಳಗೇ ಓಪನ್ ಆದರೆ ಅದು ನೀವು ನಿಯಮ ಮುರಿದದ್ದಲ್ಲ. ಎರಡನ್ನೂ ಒಂದೇ ಹೆಸರಲ್ಲಿ ಸೇರಿಸಿದರೆ ತಿಂಗಳ ಲೆಕ್ಕ ದಾರಿ ತಪ್ಪಿಸುತ್ತದೆ.

ಲಾಭವನ್ನು ರೂಪಾಯಿ ಜೊತೆಗೆ ರಿಸ್ಕ್‌ನ ಅಳತೆಯಲ್ಲೂ ಬರೆಯಿರಿ. ಟ್ರೇಡರ್‌ಗಳು ಅದನ್ನು ಆರ್ ಅನ್ನುತ್ತಾರೆ. ಉದಾಹರಣೆಗೆ, 412 ರೂಪಾಯಿಗೆ 250 ಶೇರ್ ಕೊಂಡಿರಿ, ಸ್ಟಾಪ್ 400 ಅಂತಿಟ್ಟುಕೊಳ್ಳಿ. ಒಂದು ಶೇರ್‌ಗೆ 12 ರೂಪಾಯಿ ರಿಸ್ಕ್, ಒಟ್ಟು 3,000. ಈ 3,000 ರೂಪಾಯಿಯೇ ಒಂದು ಆರ್. 430ಕ್ಕೆ ಮಾರಿದರೆ ಲಾಭ 4,500. ಆದರೆ ಡೆಲಿವರಿ ಟ್ರೇಡ್‌ನಲ್ಲಿ ಕೊಳ್ಳುವಾಗಲೂ ಮಾರುವಾಗಲೂ 0.1% ಎಸ್‌ಟಿಟಿ ತೆರಿಗೆ ಇರುತ್ತದೆ, ಅದೇ ಸುಮಾರು 210 ರೂಪಾಯಿ. ಸ್ಟ್ಯಾಂಪ್ ಡ್ಯೂಟಿ, ಡಿಪಿ ಚಾರ್ಜ್ ಎಲ್ಲ ಸೇರಿ 250 ಅಂತ ಇಟ್ಟುಕೊಂಡರೆ ಕೈಗೆ ಬರುವುದು 4,250, ಅಂದರೆ ಸುಮಾರು 1.4 ಆರ್. ಬ್ರೋಕರೇಜ್ ಇದ್ದರೆ ಇನ್ನೂ ಕಮ್ಮಿ. ಶೀಟ್‌ನಲ್ಲಿ D ಕೊಂಡ ಬೆಲೆ, E ಮೊದಲ ಸ್ಟಾಪ್, F ಶೇರ್ ಸಂಖ್ಯೆ, G ಮಾರಿದ ಬೆಲೆ, H ಚಾರ್ಜ್ ಆಗಿದ್ದರೆ ಫಾರ್ಮುಲಾ ಹೀಗಿರುತ್ತದೆ:

```
=((G2-D2)*F2-H2)/((D2-E2)*F2)
```

ಇನ್ನೊಂದು ಕಾಲಂ ಇದೆ, ಅದನ್ನು ತುಂಬುವುದು ತಡವಾಗಿ. ಹೊರಬಂದು ಹತ್ತು ಟ್ರೇಡಿಂಗ್ ದಿನ ಆದ ಮೇಲೆ ಚಾರ್ಟ್ ತೆಗೆದು ನೋಡಿ: ಬೆಲೆ ಮೊದಲು ಮುಟ್ಟಿದ್ದು ನಿಮ್ಮ ಟಾರ್ಗೆಟನ್ನೋ, ಮೊದಲ ಸ್ಟಾಪನ್ನೋ? ಎರಡನ್ನೂ ಮುಟ್ಟದಿದ್ದರೆ ಹಾಗಂತಲೇ ಬರೆಯಿರಿ. ನಿಮ್ಮಂಥವರ ಸಮಸ್ಯೆ ಬಹಳ ಸಲ ಇಲ್ಲೇ ಹೊರಬೀಳುತ್ತದೆ.

ಈಗ ತಿಂಗಳ ರಿವ್ಯೂ. ಮಾರ್ಕೆಟ್ ಇಲ್ಲದ ದಿನ, ತಿಂಗಳ ಮೊದಲ ಶನಿವಾರವೋ ಭಾನುವಾರವೋ ಕೂತುಕೊಳ್ಳಿ. ಮೊದಲ ಕೆಲಸ, ಬ್ರೋಕರ್‌ನ ಟ್ರೇಡ್ ಪಟ್ಟಿ ಡೌನ್‌ಲೋಡ್ ಮಾಡಿ ಜರ್ನಲ್ ಜೊತೆ ತಾಳೆ ನೋಡುವುದು. ಜರ್ನಲ್‌ನಲ್ಲಿ ಇಲ್ಲದ ಟ್ರೇಡ್ ಸಿಕ್ಕರೆ ಅದನ್ನು ಮೊದಲು ಸೇರಿಸಿ. ಪ್ಲಾನ್ ಇಲ್ಲದೆ ಯಾರೋ ಹೇಳಿದರು ಅಂತ ತೆಗೆದುಕೊಂಡವು ಸಾಮಾನ್ಯವಾಗಿ ಇವೇ, ಲೆಕ್ಕದಿಂದ ಬಿಟ್ಟುಹೋಗುವುದೂ ಇವೇ. ಅಂಥದಕ್ಕೆ ಸ್ಟಾಪ್ ಇರುವುದಿಲ್ಲ, ಆದ್ದರಿಂದ ನೀವು ಸಾಮಾನ್ಯವಾಗಿ ಇಡುವ ರಿಸ್ಕ್ ಮೊತ್ತದಿಂದಲೇ ಭಾಗಿಸಿ.

ಆಮೇಲೆ ಆರ್ ಕಾಲಂ ಪ್ರಕಾರ ಸಾರ್ಟ್ ಮಾಡಿ. ನಿಮ್ಮದೇ ಅನುಪಾತ ಇಟ್ಟುಕೊಂಡು ಒಂದು ಕಲ್ಪಿತ ತಿಂಗಳು ನೋಡೋಣ. ಒಟ್ಟು 24 ಟ್ರೇಡ್, 14 ಲಾಭ, 10 ನಷ್ಟ. ಹದಿನಾಲ್ಕೂ ಲಾಭ ಸೇರಿ 8.4 ಆರ್. ನಷ್ಟದಲ್ಲಿ ಏಳು ಟ್ರೇಡ್ ಸ್ಟಾಪ್‌ನಲ್ಲೇ ಮುಗಿದು 7 ಆರ್ ಹೋಯಿತು. ಉಳಿದ ಮೂರರಲ್ಲಿ "ಸ್ಟಾಪ್ ಇಳಿಸಿದೆ" ಅಂತಿದೆ, ಆ ಮೂರರಿಂದಲೇ ಇನ್ನೊಂದು 7 ಆರ್ ಹೋಗಿದೆ. ತಿಂಗಳ ಫಲಿತಾಂಶ 5.6 ಆರ್ ನಷ್ಟ. ಆ ಮೂರರಲ್ಲಿ ಸ್ಟಾಪ್ ಇಳಿಸದೆ ಬಿಟ್ಟಿದ್ದರೆ ಮೂರೇ ಆರ್ ಹೋಗುತ್ತಿತ್ತು, ನಷ್ಟ 1.6ಕ್ಕೆ ಇಳಿಯುತ್ತಿತ್ತು.

ಹಾಗಿದ್ದರೂ ಲಾಭ ಇಲ್ಲ, ಅಲ್ವಾ? ಅದಕ್ಕೇ ಲಾಭದ ಟ್ರೇಡ್‌ಗಳನ್ನೂ ಕಾರಣದ ಪ್ರಕಾರ ಬೇರೆ ಮಾಡಿ. ಆರು ಟ್ರೇಡ್ ಪ್ಲಾನ್ ಪ್ರಕಾರ ಮುಗಿದು 6 ಆರ್ ತಂದಿವೆ. ಎಂಟರಲ್ಲಿ "ಭಯ" ಅಂತ ಬರೆದಿದೆ, ಎಂಟೂ ಸೇರಿ ಬಂದದ್ದು 2.4 ಆರ್. ಈಗ ಆ ಹತ್ತು ದಿನದ ಕಾಲಂ ನೋಡಿ. ಎಂಟರಲ್ಲಿ ಐದು 2 ಆರ್ ಟಾರ್ಗೆಟ್ ಮುಟ್ಟಿದ್ದವು, ಮೂರು ವಾಪಸ್ ಬಂದು ಸ್ಟಾಪ್ ಹೊಡೆದಿದ್ದವು. ಸುಮ್ನೆ ಬಿಟ್ಟಿದ್ದರೆ 10 ಆರ್ ಬಂದು 3 ಆರ್ ಹೋಗಿ, 7 ಉಳಿಯುತ್ತಿತ್ತು. ಆಗ ಚಾರ್ಜ್ ಚೂರು ಆಚೀಚೆ ಆದರೂ ಅದೇ ತಿಂಗಳು ಸುಮಾರು 3 ಆರ್ ಲಾಭ. ಕೊಂಡ ಶೇರ್‌ಗಳೂ ಅವೇ, ಕೊಂಡ ಬೆಲೆಗಳೂ ಅವೇ. ಹತ್ತರಲ್ಲಿ ಆರು ಗೆದ್ದೂ ದುಡ್ಡು ಕಮ್ಮಿಯಾಗುವುದು ಬಹಳ ಸಲ ಹೀಗೆಯೇ: ಸಣ್ಣ ಲಾಭ ಜಾಸ್ತಿ, ದೊಡ್ಡ ನಷ್ಟ ಎರಡು-ಮೂರು.

ಆದರೆ ಇದರಿಂದ ಎಷ್ಟು ತೀರ್ಮಾನ ತೆಗೆಯಬಹುದು ಅನ್ನೋದಕ್ಕೂ ಮಿತಿ ಇದೆ. ಸ್ಟಾಪ್ ಇಳಿಸಿದ್ದು ಒಂದೇ ತಿಂಗಳಲ್ಲಿ ಕಂಡರೂ ತಿದ್ದಿಕೊಳ್ಳಬಹುದು, ಅದು ನೀವೇ ಹಾಕಿಕೊಂಡ ನಿಯಮ ಮುರಿದದ್ದು. "ಭಯ"ದ ಎಂಟು ಟ್ರೇಡ್ ಮಾತ್ರ ಬರೀ ಎಂಟು. ಮಾರ್ಕೆಟ್ ಏರುತ್ತಿದ್ದ ತಿಂಗಳಾಗಿದ್ದರೆ ಕಾದಿದ್ದೆಲ್ಲ ಟಾರ್ಗೆಟ್ ಮುಟ್ಟಿದಂತೆ ಕಾಣುತ್ತದೆ. ಅದಕ್ಕೇ ರಿವ್ಯೂ ಮೇಲ್ಗಡೆ ಆ ತಿಂಗಳು ನಿಫ್ಟಿ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಒಂದು ಸಾಲು ಬರೆದಿಡಿ. ಇನ್ನು ಯಾವ ಸೆಟಪ್ ಒಳ್ಳೆಯದು ಅನ್ನೋ ಪ್ರಶ್ನೆಗೆ ತಿಂಗಳ ರಿವ್ಯೂನಲ್ಲಿ ಉತ್ತರ ಹುಡುಕಲೇಬೇಡಿ. ಒಂದೊಂದು ಸೆಟಪ್‌ನಲ್ಲಿ ಕಮ್ಮಿ ಅಂದರೂ ಮೂವತ್ತು ಟ್ರೇಡ್ ಆಗಲಿ. ಎರಡು ಸೋಲು ನೋಡಿ ಸೆಟಪ್ ಬಿಡುವವರಿಗೆ ಯಾವ ಸೆಟಪ್‌ನ ಲೆಕ್ಕವೂ ಪೂರ್ತಿ ಸಿಗುವುದಿಲ್ಲ.

ಮುಂದಿನ ತಿಂಗಳಿಗೆ ಒಂದೇ ಬದಲಾವಣೆ ಬರೆಯಿರಿ. ಮೇಲಿನ ಉದಾಹರಣೆಯಲ್ಲಾದರೆ ನಾನು ಮೊದಲು ಸ್ಟಾಪ್ ಹಿಡಿಯುತ್ತೇನೆ: ಕೊಂಡ ದಿನವೇ, ಹೇಳಿದ ಬೆಲೆ ಬಂದಾಗ ತಾನಾಗೇ ಹೋಗುವ ಜಿಟಿಟಿ ಆರ್ಡರ್ ಹಾಕಿಬಿಡುವುದು, ಆಮೇಲೆ ಅದನ್ನು ಕೆಳಕ್ಕೆ ಇಳಿಸದಿರುವುದು. ಜಿಟಿಟಿಯಲ್ಲಿ ಟ್ರಿಗರ್ ಬೆಲೆ, ಲಿಮಿಟ್ ಬೆಲೆ ಎರಡೂ ಇರುತ್ತವೆ. ಲಿಮಿಟನ್ನು ಟ್ರಿಗರ್‌ಗಿಂತ ಸ್ವಲ್ಪ ಕೆಳಗಿಡಿ, ಇಲ್ಲವಾದರೆ ಬೆಲೆ ಬೇಗ ಬಿದ್ದಾಗ ಆರ್ಡರ್ ಹಾಗೇ ಉಳಿದುಬಿಡುತ್ತದೆ. ಬೇಗ ಮಾರುವ ಅಭ್ಯಾಸಕ್ಕೆ ಕೈ ಹಾಕುವುದು "ಸ್ಟಾಪ್ ಇಳಿಸಿದೆ" ಅನ್ನೋ ಫಿಲ್ಟರ್ ಒಂದಿಡೀ ತಿಂಗಳು ಖಾಲಿ ಬಂದ ಮೇಲೆ.