ವಿರೋಧಿ ಸಂವತ್ಸರ ಅಂದ್ರೆ ಯಾವ ಇಸವಿ?

«ಅಮ್ಮನ ಹಳೇ ಜಾತಕದಲ್ಲಿ ‘ವಿರೋಧಿ ಸಂ|| ಮಾಘ ಬಹುಳ ಚತುರ್ದಶಿ ಬುಧವಾರ, ಸೂರ್ಯೋದಯಾದಿ ಘಟಿ 46’ ಅಂತ ಇದೆ. ಆಧಾರ್‌ನಲ್ಲಿ 1-1-1949. ನಿಜವಾದ ಇಸವಿ ಯಾವ್ದು?»

ಅಕ್ಕಾ, ಅಮ್ಮ ಹುಟ್ಟಿದ್ದು 1950ರ ಫೆಬ್ರವರಿಯಲ್ಲಿ. ಹೇಗೆ ಅಂತ ಹೇಳ್ತೀನಿ, ಮನೆಯ ಬೇರೆ ಜಾತಕಗಳನ್ನು ನೀವೇ ನೋಡಿಕೊಳ್ಳಬಹುದು.

ಸಂವತ್ಸರಗಳ ಪಟ್ಟಿ ಪ್ರಭವದಿಂದ ಶುರು. ಪ್ರಭವ ಬಂದದ್ದು 1927ರಲ್ಲಿ, ಮತ್ತೆ 1987ರಲ್ಲಿ. ಇವೆರಡು ನೆನಪಿದ್ದರೆ ಸಾಕು. ಪಟ್ಟಿಯಲ್ಲಿ ವಿರೋಧಿ 23ನೆಯದು. ಮೊದಲನೆಯದೇ 1927 ಆದ್ದರಿಂದ 22 ಮಾತ್ರ ಕೂಡಿಸಬೇಕು: 1949. ಹಿಂದಿನ ಸುತ್ತಿನಲ್ಲಿ 1889, ಮುಂದಿನದರಲ್ಲಿ 2009. ಯಾವ ಸುತ್ತು ಅನ್ನೋ ಅನುಮಾನ ನಿಮಗಿಲ್ಲ. ಮುತ್ತಜ್ಜನ ಜಾತಕವಾದರೆ ಮಕ್ಕಳ ವಯಸ್ಸು ನೋಡಿ ತೀರ್ಮಾನಿಸಬೇಕು.

ಮೇಲೆ ‘1949, ಆಧಾರ್ ಸರಿಯಾಗೇ ಇದೆ’ ಅಂದ ಸರ್ ಲೆಕ್ಕ ಅರ್ಧ ಸರಿ. ವಿರೋಧಿ ಶುರುವಾದದ್ದು 1949ರ ಯುಗಾದಿಗೆ, ಅಂದರೆ ಮಾರ್ಚ್ 30ಕ್ಕೆ. ಮುಗಿದದ್ದು 1950ರ ಮಾರ್ಚ್ 18ಕ್ಕೆ. ಮರುದಿನ ವಿಕೃತಿಯ ಯುಗಾದಿ. ಹಾಗಾಗಿ 1949ರ ಜನವರಿ 1 ವಿರೋಧಿಯಲ್ಲಿ ಬರೋದೇ ಇಲ್ಲ. ಮಾಘ, ಫಾಲ್ಗುಣ ಅಂತ ಇದ್ದರೆ ಪಟ್ಟಿಯ ಇಸವಿಗೆ ಒಂದು ಸೇರಿಸಬೇಕು. ಪುಷ್ಯವಾದರೆ ತಾರೀಖು ನೋಡದೆ ಹೇಳಬೇಡಿ, ಅದು ಡಿಸೆಂಬರಿನಲ್ಲೂ ಬೀಳುತ್ತದೆ, ಜನವರಿಯಲ್ಲೂ ಬೀಳುತ್ತದೆ.

ಇನ್ನು ತಾರೀಖು. ಮಾಘ ಬಹುಳ ಚತುರ್ದಶಿ ಅಂದರೆ ಶಿವರಾತ್ರಿ ಅಲ್ವಾ? 1950ರಲ್ಲಿ ಶಿವರಾತ್ರಿ ಫೆಬ್ರವರಿ 15ಕ್ಕೆ ಬಿತ್ತು. ಅವತ್ತು ಬುಧವಾರ. ಜಾತಕದಲ್ಲೂ ಬುಧವಾರ. ಈ ವಾರ ಕೂಡಿಬರೋದೇ ದೊಡ್ಡ ಸಾಕ್ಷಿ. 2010ರ ಫೆಬ್ರವರಿಯಲ್ಲಿ, ಅದೇ ವಿರೋಧಿಯಲ್ಲಿ, ಶಿವರಾತ್ರಿ ಶುಕ್ರವಾರ ಬಂದಿತ್ತು. ಸಂವತ್ಸರ, ಮಾಸ, ತಿಥಿ ಮೂರೂ ಒಂದೇ ಆದರೂ ವಾರ ಬೇರೆ. ಜಾತಕದಲ್ಲಿ ವಾರ ಇದ್ದರೆ ಅದನ್ನು ಯಾವತ್ತೂ ಬಿಡಬೇಡಿ.

ಆದರೆ ತಾರೀಖು 15 ಅಂತ ಬರೆದುಕೊಳ್ಳಬೇಡಿ, ಘಟಿ ನೋಡಿ. ಒಂದು ಘಟಿ 24 ನಿಮಿಷ. 46 ಘಟಿ ಅಂದರೆ 18 ಗಂಟೆ 24 ನಿಮಿಷ. ಸೂರ್ಯೋದಯ ಸುಮಾರು ಆರೂಮುಕ್ಕಾಲು ಅಂತಿಟ್ಟುಕೊಂಡರೆ ಹುಟ್ಟಿದ್ದು ರಾತ್ರಿ ಒಂದು ಗಂಟೆ ದಾಟಿದ ಮೇಲೆ. ನಮ್ಮ ಹಿರಿಯರಿಗೆ ಸೂರ್ಯ ಹುಟ್ಟೋವರೆಗೂ ಬುಧವಾರವೇ. ಇಂಗ್ಲಿಷ್ ಕ್ಯಾಲೆಂಡರಿಗೆ ಆಗಲೇ ಗುರುವಾರ, ಫೆಬ್ರವರಿ 16. ಆದ್ದರಿಂದ ಅಮ್ಮನ ಹುಟ್ಟಿದ ದಿನ 16-2-1950. ಘಟಿಯ ಅಂಕಿಯನ್ನು ಇನ್ನೊಮ್ಮೆ ಬೆಳಕಿನಲ್ಲಿ ಹಿಡಿದು ನೋಡಿ. ಅದು 43ಕ್ಕಿಂತ ಕಡಿಮೆಯಿದ್ದರೆ ತಾರೀಖು 15 ಆಗುತ್ತದೆ. ಹಾಗೇ ‘ವಿರೋಧಿ’ ಪಕ್ಕ ‘ಕೃತ್’ ಅಂತ ಅಳಿಸಿಹೋಗಿದೆಯಾ ನೋಡಿ. ವಿರೋಧಿಕೃತ್ ಬೇರೆ ಸಂವತ್ಸರ, ಅದು 1911 ಮತ್ತು 1971ರದು. ನಿಮ್ಮಲ್ಲಿ ವಾರ ಹೊಂದಿರೋದರಿಂದ ನನಗೆ ಆ ಅನುಮಾನ ಇಲ್ಲ.

ಆನ್‌ಲೈನ್ ಪಂಚಾಂಗದಲ್ಲಿ ಆ ದಿನಕ್ಕೆ ಫಾಲ್ಗುಣ ಅಂತ ತೋರಿಸ್ತಿದೆ, ಜಾತಕವೇ ತಪ್ಪು ಅಂದರು ಇನ್ನೊಬ್ಬರು. ತಪ್ಪಲ್ಲ ಸರ್. ಉತ್ತರದ ಕಡೆ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ನಮ್ಮ ಮಾಘ ಬಹುಳವನ್ನೇ ಅವರು ಫಾಲ್ಗುಣ ಅನ್ನೋದು. ಅವರ ಸಂವತ್ಸರದ ಹೆಸರೂ ನಮ್ಮದಕ್ಕೆ ಹೊಂದೋದಿಲ್ಲ. ಸೆಟ್ಟಿಂಗ್‌ನಲ್ಲಿ ಅಮಾಂತ ಅಂತ ಆರಿಸಿ, ಕನ್ನಡ ಪಂಚಾಂಗ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ನಕ್ಷತ್ರ, ರಾಶಿ ಕೇಳಿದ ಮೇಡಂಗೆ: ಅಕ್ಕ ಕೇಳಿದ್ದು ಇಸವಿ ಮಾತ್ರ, ಅದಕ್ಕೆ ರಾಶಿ ಬೇಡ.

ಉಡುಪಿಯ ಅಣ್ಣ ತಮ್ಮ ತಂದೆಯದ್ದು ‘ವಿಕೃತಿ, ಮೀನ ಮಾಸ 28’ ಅಂತ ಹಾಕಿದ್ದಾರೆ. ಇದು ನಿಜಕ್ಕೂ ಕಷ್ಟದ್ದು. ಮೀನ ಮಾಸ 28 ಅಂದರೆ ಏಪ್ರಿಲ್ 10ರ ಆಸುಪಾಸು. ಬರೆದವರು ಚಾಂದ್ರಮಾನ ಯುಗಾದಿಗೆ ಸಂವತ್ಸರ ಬದಲಿಸಿದ್ದರೆ ಅದು 1950. ಸೌರಮಾನದಂತೆ ವಿಷುವಿಗೆ ಬದಲಿಸಿದ್ದರೆ ವಿಕೃತಿಯ ಕೊನೆ ತಿಂಗಳೇ ಮೀನ, ಆಗ 1951. ತಿಂಗಳು ಸೌರ ಇದೆ ಅಂತ ಸಂವತ್ಸರವೂ ಸೌರವೇ ಅನ್ನೋ ಹಾಗಿಲ್ಲ, ಎರಡನ್ನೂ ಬೆರೆಸಿ ಬರೆದವರಿದ್ದಾರೆ. ಅಣ್ಣಾ, ಜಾತಕದಲ್ಲಿ ವಾರ ಅಥವಾ ತಿಥಿ ಇದ್ದರೆ ಆ ಸಾಲಿನ ಫೋಟೋ ಹಾಕಿ. ಎರಡು ವರ್ಷಕ್ಕೂ ಹೋಲಿಸಿ ನೋಡೋಣ.